ಹಳದಿ ಬಿಟ್ಟೆ, ಬೆಣ್ಣೆ ಬಿಡಲಿಲ್ಲ

ಆಸ್ಪತ್ರೆಯಿಂದ ಮನೆಗೆ ಬಂದ ದಿನ ನನ್ನ ಕೈಯಲ್ಲಿ ಎರಡು ಕಾಗದ ಇದ್ದವು. ಒಂದು ಮಾತ್ರೆಗಳ ಚೀಟಿ. ಇನ್ನೊಂದು ಊಟದ ಪಟ್ಟಿ, ಜೆರಾಕ್ಸ್ ಮಾಡಿ ಮಾಡಿ ಅಕ್ಷರ ಮಾಸಿದ್ದು. ಅದರಲ್ಲಿ 'ತಿನ್ನಬಾರದ್ದು' ಅಂತ ಬರೆದಿದ್ದ ಕಡೆ ಮೊದಲ ಹೆಸರೇ ಮೊಟ್ಟೆಯ ಹಳದಿ. ಬೆಣ್ಣೆ, ತುಪ್ಪವೂ ಇದ್ದವು. ಆದರೆ ಕೆಳಗೆಲ್ಲೋ, 'ಮಿತವಾಗಿ' ಅನ್ನುವ ಸಾಲಿನಲ್ಲಿ.

ಮಿತ ಅಂದರೆ ಎಷ್ಟು ಅಂತ ದಾವಣಗೆರೆಯವನಿಗೆ ಯಾರು ಹೇಳಬೇಕು?

ನನಗೆ ಆಗ 53. ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಒಂದು ರಾತ್ರಿ ಎದೆ ಉರಿ ಶುರುವಾಯಿತು. ಗ್ಯಾಸ್ ಅಂದುಕೊಂಡು ಜೀರಿಗೆ ನೀರು ಕುಡಿದೆ. ಬೆವರು ನಿಲ್ಲಲಿಲ್ಲ. ನಮ್ಮ ಮನೆಯವರು ಪಕ್ಕದ ಮನೆಯ ಹುಡುಗನನ್ನು ಎಬ್ಬಿಸಿ ಆಟೋ ತರಿಸಿದರು. ಮುಂದಿನದು ನಿಮಗೆ ಗೊತ್ತಿರುವ ಕಥೆಯೇ: ಇಸಿಜಿ, ಆಂಜಿಯೋಗ್ರಾಂ, ಒಂದು ಸ್ಟೆಂಟ್. ಬಂದ ಗಳಿಗೆಯಲ್ಲೇ ರಕ್ತ ತೆಗೆದಿದ್ದರು. ಇದು ಒಳ್ಳೆಯದಾಯಿತು ಅಂತ ಆಮೇಲೆ ತಿಳಿಯಿತು. ಹಾರ್ಟ್ ಅಟ್ಯಾಕ್ ಆಗಿ ಒಂದು ದಿನ ಕಳೆದರೆ ಕೊಲೆಸ್ಟ್ರಾಲ್ ತಾನಾಗಿಯೇ ಇಳಿಯುತ್ತದಂತೆ, ಕೆಲವು ವಾರ ಹಾಗೇ ಇರುತ್ತದಂತೆ. ಮೂರನೇ ದಿನ ತೆಗೆದ ರಕ್ತ ನೋಡಿ 'ನನ್ನದು ನಾರ್ಮಲ್ಲೇ ಇತ್ತಲ್ಲ' ಅಂದುಕೊಳ್ಳುವವರು ಎಷ್ಟೋ ಜನ.

ನನ್ನ ಎಲ್‌ಡಿಎಲ್ 142 ಇತ್ತು. ರಕ್ತನಾಳದ ಗೋಡೆಯಲ್ಲಿ ಹೋಗಿ ಕೂರುವ ಕೊಲೆಸ್ಟ್ರಾಲ್ ಇದೇ. ನನ್ನಂಥವರಿಗೆ ಅದು 55ಕ್ಕಿಂತ ಕೆಳಗೆ ಇರಬೇಕು. ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಕೊಟ್ಟ ಸಲಹೆಯಲ್ಲೂ ಇದೇ ಅಂಕಿ ಇದೆ. ಡಾಕ್ಟರು ದಿನಾ ರಾತ್ರಿ ಅಟೋರ್ವಾಸ್ಟಾಟಿನ್ 40 ಮಿಲಿಗ್ರಾಂ ಬರೆದರು. ಅಷ್ಟು ಮಾತ್ರೆಗೆ ಎಲ್‌ಡಿಎಲ್ ಹೆಚ್ಚು ಕಡಿಮೆ ಅರ್ಧ ಆಗಬೇಕು. ಮೂರು ತಿಂಗಳು ಬಿಟ್ಟು ಬನ್ನಿ ಅಂದರು.

ಆ ಮೂರು ತಿಂಗಳು ನಾನು ಹಳದಿಯನ್ನು ಶತ್ರುವಿನ ಹಾಗೆ ಕಂಡೆ. ಬೆಳಿಗ್ಗೆ ಎರಡು ಮೊಟ್ಟೆ ಬೇಯಿಸುವುದು. ಸೀಳುವುದು. ಗೋಲಿಯಂಥ ಹಳದಿಯನ್ನು ಬೆರಳಿನಿಂದ ಎಬ್ಬಿಸಿ ತಟ್ಟೆಯ ಅಂಚಿಗೆ ಇಡುವುದು. ಬಿಳಿಗೆ ಮೆಣಸಿನ ಪುಡಿ ಹಾಕಿಕೊಂಡು, ರಬ್ಬರ್ ಜಗಿದ ಹಾಗೆ ಜಗಿಯುವುದು. ಹಳದಿಗಳೆಲ್ಲ ನಮ್ಮ ಮನೆಯವರ ಪಾಲಾದವು. 'ಎಸೆಯೋಕೆ ಮನಸ್ಸು ಬರಲ್ಲ ರೀ' ಅಂತ ಅವರು ಚಿತ್ರಾನ್ನಕ್ಕೆ ಪುಡಿ ಮಾಡಿ ಹಾಕಿಕೊಳ್ಳುತ್ತಿದ್ದರು. ನಾನು ತಿಂಗಳ ಕೊನೆಗೆ ಲೆಕ್ಕ ಹಾಕುತ್ತಿದ್ದೆ, ಅರವತ್ತು ಹಳದಿ ಬಿಟ್ಟೆ ಅಂತ. ಮೂರು ತಿಂಗಳಿಗೆ 180. ಲೆಕ್ಕ ಬರೆಯುವವನ ಚಟ, ಏನು ಮಾಡೋದು.

ರಿಪೋರ್ಟ್ ಬಂತು. ಎಲ್‌ಡಿಎಲ್ 88.

ಡಾಕ್ಟರು ಅದನ್ನೇ ನೋಡುತ್ತಾ ಕೇಳಿದರು. 'ಮಾತ್ರೆ ತಪ್ಪಿಸಿದ್ದೀರಾ?'

'ಒಂದು ದಿನಾನೂ ಇಲ್ಲ ಡಾಕ್ಟ್ರೇ. ಹಳದಿ ಕೂಡ ಮುಟ್ಟಿಲ್ಲ.'

'ಮಾತ್ರೆ ಒಂದಕ್ಕೇ 70ರ ಹತ್ತಿರ ಬರಬೇಕಿತ್ತು. ಬೇರೆ ಏನು ತಿಂತೀರಿ?'

ಏನು ಹೇಳಲಿ? ಮನೆ ಊಟ ಅಂದೆ. ಅವರು ನಗಲಿಲ್ಲ. ಡಯಟೀಶಿಯನ್ ಮೇಡಂ ಹತ್ತಿರ ಕಳಿಸಿದರು. ಆ ಮೇಡಂ ಏಳು ದಿನ ಬಾಯಿಗೆ ಹಾಕಿದ್ದೆಲ್ಲ ಬರೆದು ತನ್ನಿ ಅಂದರು. ಒಂದು ಷರತ್ತು ಹಾಕಿದರು. ಸಂಜೆ ಕೂತು ನೆನಪಿನಿಂದ ಬರೆಯಬಾರದು, ತಿಂದ ತಕ್ಷಣ ಬರೆಯಬೇಕು. ಇದು ನನ್ನ ಕೆಲಸವೇ ಅಲ್ವಾ. ಹೊಸ ನೋಟ್‌ಬುಕ್ ತೆಗೆದು, ಗೆರೆ ಎಳೆದು, ತಪ್ಪದೆ ಬರೆದೆ.

ಏಳು ದಿನದ ಪುಸ್ತಕ ಹೀಗಿತ್ತು. ವಾರದಲ್ಲಿ ಎರಡು ದಿನ ಬೆಳಿಗ್ಗೆ ಬೆಣ್ಣೆ ದೋಸೆ, ಒಂದೊಂದು ಸಲಕ್ಕೂ ಎರಡು. ಅಂಗಡಿಯಲ್ಲಿ ಸಂಜೆ ಟೀ ಜೊತೆ ಬೇಕರಿಯ ಬೆಣ್ಣೆ ಬಿಸ್ಕತ್ತು, ದಿನಾ ನಾಲ್ಕು. ಎರಡು ಸಲ ಪಫ್ಸ್. ಮಧ್ಯಾಹ್ನ ಅನ್ನಕ್ಕೆ ಒಂದು ಚಮಚ ತುಪ್ಪ. ಗಟ್ಟಿ ಹಾಲಿನ ಟೀ ನಾಲ್ಕು ಸಲ. ಮೊಟ್ಟೆಯ ಹಳದಿ: ಸೊನ್ನೆ.

ಮೇಡಂ ಆ ಸೊನ್ನೆ ಮೇಲೆ ಪೆನ್ನು ಇಟ್ಟು, 'ಇದೊಂದನ್ನ ಚೆನ್ನಾಗಿ ಪಾಲಿಸಿದ್ದೀರಿ' ಅಂದರು. ಆಮೇಲೆ ದೋಸೆ ಮೇಲೆ ಪೆನ್ನು ಇಟ್ಟರು. 'ಇದರ ಮೇಲೆ ಬೆಣ್ಣೆ ಎಷ್ಟು ಹಾಕ್ತಾರೆ, ತೂಕ ಮಾಡಿದ್ದೀರಾ?'

ದೋಸೆ ಹೋಟೆಲಿಗೆ ತಕ್ಕಡಿ ತಗೊಂಡು ಹೋಗುವವರು ಯಾರು? ಆದರೆ ಮನೆಯಲ್ಲಿ ಮಾಡಬಹುದಲ್ಲ. ಭಾನುವಾರ ಮನೆಯಲ್ಲೇ ಹಿಟ್ಟು ರುಬ್ಬಿಸಿದೆ. ಬಿಳಿ ಬೆಣ್ಣೆ ತಂದೆ. ಹೋಟೆಲಿನ ಭಟ್ಟರು ಹಾಕುವ ಹಾಗೆ ಕಾವಲಿ ಮೇಲೆ ಸುತ್ತ ಒಂದಿಷ್ಟು, ಮಡಚಿದ ಮೇಲೆ ತಲೆಗೊಂದು ಉಂಡೆ ಹಾಕುವ ಮೊದಲು ಬೆಣ್ಣೆ ಬಟ್ಟಲನ್ನು ತೂಗಿದೆ. ಹಾಕಿದ ಮೇಲೆ ಮತ್ತೆ ತೂಗಿದೆ. ಒಂದು ದೋಸೆಗೆ 25 ಗ್ರಾಂ ಖರ್ಚಾಗಿತ್ತು. ಹೋಟೆಲಿನಲ್ಲಿ ಇದಕ್ಕಿಂತ ಕಡಿಮೆ ಅಂತ ನಾನು ಪ್ರಮಾಣ ಮಾಡಲಾರೆ.

ಮುಂದಿನ ವಾರ ಮೇಡಂ ಆ 25 ಗ್ರಾಂ ಇಟ್ಟುಕೊಂಡು ಒಂದು ಲೆಕ್ಕ ತೋರಿಸಿದರು. ನನ್ನ ಕಣ್ಣು ತೆರೆಸಿದ್ದು ಆ ಲೆಕ್ಕ. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತೇನೆ.

ಒಂದು ದೊಡ್ಡ ಮೊಟ್ಟೆಯಲ್ಲಿ ಸುಮಾರು 186 ಮಿಲಿಗ್ರಾಂ ಕೊಲೆಸ್ಟ್ರಾಲ್ ಇದೆ. ಎಲ್ಲವೂ ಹಳದಿಯಲ್ಲೇ. 25 ಗ್ರಾಂ ಬೆಣ್ಣೆಯಲ್ಲಿ ಇರುವ ಕೊಲೆಸ್ಟ್ರಾಲ್ ಸುಮಾರು 54 ಮಿಲಿಗ್ರಾಂ. ಕೊಲೆಸ್ಟ್ರಾಲ್ ಒಂದನ್ನೇ ನೋಡಿದರೆ ಮೊಟ್ಟೆ ಮೂರು ಪಟ್ಟು ಕೆಟ್ಟದ್ದು. ನಾನು ನೋಡಿದ್ದು ಅಷ್ಟನ್ನೇ. ನನ್ನ ಜೆರಾಕ್ಸ್ ಪಟ್ಟಿ ಬರೆದವರು ನೋಡಿದ್ದೂ ಅಷ್ಟನ್ನೇ ಅಂತ ಕಾಣುತ್ತದೆ.

ಈಗ ಇನ್ನೊಂದು ಕಾಲಂ ನೋಡಿ ಅಂದರು ಮೇಡಂ. ಸ್ಯಾಚುರೇಟೆಡ್ ಕೊಬ್ಬು. ಅಂದರೆ ಚಳಿಗೆ ಗಟ್ಟಿಯಾಗಿ ಕೂರುವ ಜಾತಿಯ ಕೊಬ್ಬು. ಒಂದು ಮೊಟ್ಟೆಯಲ್ಲಿ ಅದು ಒಂದೂವರೆ ಗ್ರಾಂ ಚಿಲ್ಲರೆ. 25 ಗ್ರಾಂ ಬೆಣ್ಣೆಯಲ್ಲಿ 12 ಗ್ರಾಂಗಿಂತ ಜಾಸ್ತಿ. ಅಂದರೆ ಒಂದು ಬೆಣ್ಣೆ ದೋಸೆಯ ತಲೆ ಮೇಲೆ ಏಳೆಂಟು ಮೊಟ್ಟೆಯ ಸ್ಯಾಚುರೇಟೆಡ್ ಕೊಬ್ಬು ಕೂತಿತ್ತು. ನಾನು ತಿನ್ನುತ್ತಿದ್ದದ್ದು ಎರಡು ದೋಸೆ. ಹೃದಯದ ತೊಂದರೆ ಇರುವವರಿಗೆ ಅಮೆರಿಕನ್ ಹಾರ್ಟ್ ಅಸೋಸಿಯೇಶನ್ ಹೇಳುವ ಮಿತಿ, ಒಟ್ಟು ಕ್ಯಾಲೊರಿಯಲ್ಲಿ ಶೇಕಡಾ 6ಕ್ಕಿಂತ ಕಡಿಮೆ. ನನ್ನಂಥ, ಕೂತು ಕೆಲಸ ಮಾಡುವವನ 1800 ಕ್ಯಾಲೊರಿ ಊಟಕ್ಕೆ ಅದು ದಿನಕ್ಕೆ 12 ಗ್ರಾಂ. ಮೊದಲ ದೋಸೆ ಮುಗಿಯುವ ಹೊತ್ತಿಗೆ ನನ್ನ ಇಡೀ ದಿನದ ಪಾಲು ಮುಗಿದಿರುತ್ತಿತ್ತು.

'ಆದ್ರೆ ಮೇಡಂ, ತಿನ್ನೋದು ಕೊಲೆಸ್ಟ್ರಾಲ್, ರಕ್ತದಲ್ಲಿ ಏರೋದೂ ಕೊಲೆಸ್ಟ್ರಾಲ್. ಕೊಬ್ಬು ನಡುವೆ ಯಾಕೆ ಬಂತು?'

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ರಕ್ತದಲ್ಲಿರುವ ಕೊಲೆಸ್ಟ್ರಾಲ್‌ನ ಹೆಚ್ಚಿನ ಪಾಲನ್ನು ದೇಹ ತಾನೇ ತಯಾರಿಸಿಕೊಳ್ಳುತ್ತದೆ, ಅದರಲ್ಲಿ ಲಿವರ್‌ನದು ದೊಡ್ಡ ಪಾತ್ರ. ಊಟದಿಂದ ಜಾಸ್ತಿ ಬಂದರೆ ಲಿವರ್ ತನ್ನ ತಯಾರಿಕೆ ಕಡಿಮೆ ಮಾಡುತ್ತದೆ. ಕರುಳೂ ಬಂದದ್ದನ್ನೆಲ್ಲ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸಾಮಾನ್ಯವಾಗಿ ಅರ್ಧದಷ್ಟು ಹೀರಿಕೊಳ್ಳುತ್ತದೆ, ಉಳಿದದ್ದು ಹೊರಗೆ. ಜೊತೆಗೆ ಪಿತ್ತರಸದ ಮೂಲಕ ಲಿವರ್ ತಾನೇ ದಿನಕ್ಕೆ ಒಂದು ಗ್ರಾಂನಷ್ಟು ಕೊಲೆಸ್ಟ್ರಾಲ್ ಕರುಳಿಗೆ ಸುರಿಯುತ್ತದೆ. ಅದರ ಮುಂದೆ ಒಂದು ಹಳದಿಯ 186 ಮಿಲಿಗ್ರಾಂ ದೊಡ್ಡ ಮಾತಲ್ಲ.

ಬೆಣ್ಣೆಯ ಕೊಬ್ಬಿನ ದಾರಿ ಬೇರೆ. ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಅನ್ನು ಹಿಡಿದು ಒಳಗೆ ಎಳೆದುಕೊಳ್ಳಲು ಲಿವರ್ ಮೇಲೆ ಕೊಕ್ಕೆಗಳಂಥ ರಿಸೆಪ್ಟರ್‌ಗಳಿವೆ. ಸ್ಯಾಚುರೇಟೆಡ್ ಕೊಬ್ಬು ಜಾಸ್ತಿಯಾದರೆ ಆ ಕೊಕ್ಕೆಗಳು ಕಡಿಮೆಯಾಗುತ್ತವೆ. ಎಲ್‌ಡಿಎಲ್ ರಕ್ತದಲ್ಲೇ ಸುತ್ತುತ್ತಾ ಉಳಿಯುತ್ತದೆ. ನಾನು ರಾತ್ರಿ ನುಂಗುವ ಸ್ಟಾಟಿನ್ ಮಾಡುವುದು ಕೊಕ್ಕೆ ಹೆಚ್ಚಿಸುವ ಕೆಲಸ. ಬೆಳಿಗ್ಗೆ ತಿನ್ನುವ ದೋಸೆ ಮಾಡುವುದು ಕೊಕ್ಕೆ ಕಡಿಮೆ ಮಾಡುವ ಕೆಲಸ. ಒಂದು ಕೈಯಲ್ಲಿ ಜಮಾ, ಇನ್ನೊಂದು ಕೈಯಲ್ಲಿ ಖರ್ಚು.

ಆ ದಿನದಿಂದ ಬೆಣ್ಣೆ ದೋಸೆ ನಿಂತಿತು. ಸುಳ್ಳು ಯಾಕೆ, ಮೊದಲ ಎರಡು ವಾರ ಆ ರಸ್ತೆಯಲ್ಲಿ ಗಾಡಿ ಓಡಿಸಲಿಲ್ಲ. ಬಿಸ್ಕತ್ತಿನ ಬದಲು ಹುರಿಗಡಲೆ ಬಂತು. ತುಪ್ಪ ಹೋಯಿತು, ಒಗ್ಗರಣೆಗೆ ಕಡಲೆಕಾಯಿ ಎಣ್ಣೆ ಅಳೆದು ಹಾಕಿದರು. ಹಾಲು ತೆಳ್ಳಗಾಯಿತು. ಮಾತ್ರೆ ಬದಲಾಗಲಿಲ್ಲ. ಹಳದಿ ಮೊದಲಿನಂತೆ ಸೊನ್ನೆ. ಆರು ವಾರಕ್ಕೆ ಎಲ್‌ಡಿಎಲ್ 73.

ಡಾಕ್ಟರಿಗೆ ಸಮಾಧಾನ, ಆದರೆ ಅರ್ಧ. 55 ಇನ್ನೂ ದೂರ ಇತ್ತು. ಸ್ಟಾಟಿನ್ ಡೋಸ್ ಎರಡು ಪಟ್ಟು ಮಾಡಿದರೂ ಶೇಕಡಾ 6ರಷ್ಟೇ ಇಳಿಯುವುದು ಅಂತ ಹೇಳಿ, ಎಝೆಟಿಮೈಬ್ 10 ಮಿಲಿಗ್ರಾಂ ಸೇರಿಸಿದರು. ಇದರ ಕೆಲಸ ಕರುಳಿನಲ್ಲಿ. ಕೊಲೆಸ್ಟ್ರಾಲ್ ಒಳಗೆ ಬರುವ ಬಾಗಿಲನ್ನೇ ಇದು ಹೆಚ್ಚು ಕಡಿಮೆ ಅರ್ಧ ಮುಚ್ಚುತ್ತದೆ. ಊಟದ್ದಿರಲಿ, ಪಿತ್ತರಸದ್ದಿರಲಿ, ಎರಡಕ್ಕೂ ಬಾಗಿಲು ಒಂದೇ. ಇನ್ನಾರು ವಾರಕ್ಕೆ 54 ಬಂತು. ರಿಪೋರ್ಟನ್ನು ದೇವರ ಮುಂದೆ ಇಟ್ಟವರು ನಮ್ಮ ಮನೆಯವರು. ನಾನಲ್ಲ.

ಇಷ್ಟಾದ ಮೇಲೆ ಒಂದು ಪ್ರಶ್ನೆ ಉಳಿಯಿತು. ಹಳದಿಯ ಕಥೆ ಏನು? ಬಿಡಬೇಕಿತ್ತೋ ಬೇಡವೋ?

ಮಗಳು ಬಿ.ಫಾರ್ಮ ಓದುತ್ತಿದ್ದಾಳೆ. ರಜೆಗೆ ಬಂದಾಗ ಕೇಳಿದೆ. ಅವಳು ಹೇಳಿದ ಕಥೆ ಮೊಲದಿಂದ ಶುರುವಾಯಿತು. 1913ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಿಕೊಲಾಯ್ ಅನಿಚ್ಕೋವ್ ಅನ್ನುವ ವಿಜ್ಞಾನಿ ಮೊಲಗಳಿಗೆ ಶುದ್ಧ ಕೊಲೆಸ್ಟ್ರಾಲ್ ತಿನ್ನಿಸಿದರು. ಮೊಲದ ರಕ್ತನಾಳ ಕಟ್ಟಿಕೊಂಡಿತು. ದೊಡ್ಡ ಸಂಶೋಧನೆ, ಅನುಮಾನವಿಲ್ಲ. ಆದರೆ ಮೊಲ ಹುಲ್ಲು ತಿನ್ನುವ ಪ್ರಾಣಿ. ಹುಲ್ಲಿನಲ್ಲಿ ಕೊಲೆಸ್ಟ್ರಾಲ್ ಇಲ್ಲ. ಅದನ್ನು ಸಂಭಾಳಿಸುವ ಅಭ್ಯಾಸವೇ ಮೊಲದ ದೇಹಕ್ಕಿಲ್ಲ. 1968ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಶನ್ ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟ್ರಾಲ್, ವಾರಕ್ಕೆ ಮೂರು ಹಳದಿ, ಇದಕ್ಕಿಂತ ಹೆಚ್ಚು ಬೇಡ ಅಂದಿತು.

'ನಿನ್ನ ಪಟ್ಟಿ ಆ ಕಾಲದ್ದು ಅಪ್ಪ. ಅವರು ಮೂರಾದರೂ ಕೊಟ್ಟಿದ್ದರು. ನಿನಗೆ ಸೊನ್ನೆ ಕೊಟ್ಟಿದ್ದಾರೆ.'

2015ರಲ್ಲಿ ಅಮೆರಿಕದ ಸರ್ಕಾರಿ ಆಹಾರ ಸಲಹೆಯಿಂದ 300ರ ಮಿತಿ ಹೋಯಿತು. ಆಗ ವಾಟ್ಸಾಪ್‌ನಲ್ಲಿ 'ಮೊಟ್ಟೆಗೆ ಕ್ಲೀನ್ ಚಿಟ್' ಅಂತ ಓಡಿದ್ದು ನಿಮಗೂ ಬಂದಿರಬಹುದು. ಆದರೆ ಅದೇ ಸಲಹೆಯಲ್ಲಿ ಕೊಲೆಸ್ಟ್ರಾಲ್ ಆದಷ್ಟು ಕಡಿಮೆ ತಿನ್ನಿ ಅನ್ನುವ ಸಾಲೂ ಇತ್ತು. ಅದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

ಆಮೇಲಿನ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. 2019ರಲ್ಲಿ ಅಮೆರಿಕದ ಸುಮಾರು 30 ಸಾವಿರ ಜನರ ಲೆಕ್ಕ ಹಾಕಿ, ದಿನಕ್ಕೆ ಅರ್ಧ ಮೊಟ್ಟೆ ಹೆಚ್ಚಾದರೆ ಹೃದಯದ ಅಪಾಯ ಶೇಕಡಾ 6ರಷ್ಟು ಹೆಚ್ಚು ಕಂಡಿತು ಅಂದರು. ಮರುವರ್ಷವೇ ಪ್ಯೂರ್ ಅನ್ನುವ ಅಧ್ಯಯನ, 21 ದೇಶಗಳ 1 ಲಕ್ಷ 46 ಸಾವಿರ ಜನರನ್ನು ನೋಡಿ, ಅಂಥ ಸಂಬಂಧ ಕಾಣಲಿಲ್ಲ ಅಂದಿತು. ಅದರಲ್ಲಿ ಭಾರತದವರೂ ಇದ್ದರು. ಅದೇ ವರದಿಯಲ್ಲಿ ಮೊದಲೇ ರಕ್ತನಾಳದ ಕಾಯಿಲೆ ಇದ್ದ 31 ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ಬೇರೆಯಾಗಿ ಇತ್ತು. ಅವರಲ್ಲೂ ಕಾಣಲಿಲ್ಲ. ನನ್ನ ಕಿವಿ ನೆಟ್ಟಗಾಗಿದ್ದು ಇಲ್ಲಿ, ಯಾಕೆಂದರೆ ನಾನು ಆ ಗುಂಪಿನವನು. ಆದರೆ ಮಗಳು ಎಳೆದು ಕೂರಿಸಿದಳು. ಇವೆಲ್ಲ ಜನ ಏನು ತಿಂದರು ಅಂತ ಕೇಳಿ ಬರೆದುಕೊಂಡ ಲೆಕ್ಕ. ಮೊಟ್ಟೆಯನ್ನು ಯಾರೂ ಒಂಟಿಯಾಗಿ ತಿನ್ನುವುದಿಲ್ಲ. ಒಬ್ಬರು ಬೆಣ್ಣೆ, ಬ್ರೆಡ್, ಹಂದಿಮಾಂಸದ ಜೊತೆ ತಿಂತಾರೆ, ಇನ್ನೊಬ್ಬರು ಅನ್ನ ಸಾರಿನ ಜೊತೆ. ಕೆಟ್ಟದ್ದು ಮಾಡಿದ್ದು ಯಾವುದು ಅಂತ ಬಿಡಿಸುವುದು ಕಷ್ಟ.

ತಿನ್ನಿಸಿ ನೋಡಿದ ಪ್ರಯೋಗಗಳು ಬೇರೆ ಇವೆ. ಅವುಗಳ ಸರಾಸರಿ ಪ್ರಕಾರ ಊಟದಲ್ಲಿ 100 ಮಿಲಿಗ್ರಾಂ ಕೊಲೆಸ್ಟ್ರಾಲ್ ಹೆಚ್ಚಾದರೆ ರಕ್ತದ ಎಲ್‌ಡಿಎಲ್ ಸುಮಾರು 2 ಏರುತ್ತದೆ. ಅಂದರೆ ದಿನಕ್ಕೊಂದು ಹಳದಿಗೆ 4ರಷ್ಟು. ನನ್ನ ಬೆಣ್ಣೆ, ಬಿಸ್ಕತ್ತು, ಪಫ್ಸ್ ಬಿಟ್ಟಿದ್ದಕ್ಕೆ ಇಳಿದದ್ದು 15. ಇದು ಸರಾಸರಿ ಮಾತ್ರ. 1991ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 88 ವರ್ಷದ ಅಜ್ಜನ ಕಥೆ ಬಂದಿತ್ತಂತೆ. ದಿನಕ್ಕೆ 25 ಮೊಟ್ಟೆ ತಿನ್ನುತ್ತಿದ್ದ, ಕೊಲೆಸ್ಟ್ರಾಲ್ ನಾರ್ಮಲ್. ಪರೀಕ್ಷೆ ಮಾಡಿದರೆ ಆತನ ಕರುಳು ಶೇಕಡಾ 18 ಮಾತ್ರ ಹೀರಿಕೊಳ್ಳುತ್ತಿತ್ತು. ಇನ್ನು ಕೆಲವರಿಗೆ ಉಲ್ಟಾ, ಸ್ವಲ್ಪ ತಿಂದರೂ ಗಣನೀಯವಾಗಿ ಏರುತ್ತದೆ. ನೀವು ಯಾವ ಜಾತಿ ಅಂತ ಮುಖ ನೋಡಿ ಹೇಳೋಕೆ ಆಗಲ್ಲ. ತಿಂದು, ರಕ್ತ ಕೊಟ್ಟು ನೋಡಬೇಕು.

ಡಾಕ್ಟರನ್ನು ಕೇಳಿದೆ. 'ನೋಡೋಣ' ಅಂದರು. ಕೆಲವು ಷರತ್ತು ಹಾಕಿದರು. ಐದು ವಾರ, ದಿನಕ್ಕೆ ಒಂದೇ ಹಳದಿ, ಬೇಯಿಸಿದ್ದು. ಬೇರೆ ಏನೂ ಬದಲಾಗಬಾರದು, ಮಾತ್ರೆಯೂ, ಎಣ್ಣೆಯೂ, ನಡಿಗೆಯೂ. ಹಿಂದಿನ ರಕ್ತ ಕೊಟ್ಟ ಲ್ಯಾಬಿಗೇ ಹೋಗಬೇಕು, ಹನ್ನೆರಡು ಗಂಟೆ ಹೊಟ್ಟೆ ಖಾಲಿ ಇರಬೇಕು. ನನಗೆ ಶುಗರ್ ಇಲ್ಲದ್ದರಿಂದ ಇದಕ್ಕೆ ಒಪ್ಪಿದ್ದೇನೆ ಅಂತಲೂ ಹೇಳಿದರು. ಶುಗರ್ ಇರುವ ಹೃದ್ರೋಗಿಗಳ ವಿಷಯದಲ್ಲಿ ಕೈ ಬಿಗಿ ಹಿಡಿಯುತ್ತಾರಂತೆ.

ಆರು ತಿಂಗಳ ಮೇಲೆ ಹಳದಿ ಬಾಯಿಗೆ ಬಂತು. ಮೆಣಸು, ಉಪ್ಪು, ಎರಡು ಹನಿ ನಿಂಬೆ. ಇದರ ಬಗ್ಗೆ ಹೆಚ್ಚು ಬರೆಯಲ್ಲ. ಬಿಟ್ಟವರಿಗೆ ಗೊತ್ತು.

ಐದು ವಾರ ಮುಗಿಯುವ ಹೊತ್ತಿಗೆ ನಾನೊಂದು ಎಡವಟ್ಟು ಮಾಡಿದೆ. ರಕ್ತ ಕೊಡುವ ಹಿಂದಿನ ದಿನ ಹರಿಹರದಲ್ಲಿ ನೆಂಟರ ಮದುವೆ. ಹೋಳಿಗೆ, ಪಾಯಸ, ಲಾಡು. ರಾತ್ರಿ ಹತ್ತಕ್ಕೆ ಊಟ, ಬೆಳಿಗ್ಗೆ ಎಂಟಕ್ಕೆ ಲ್ಯಾಬು. ರಿಪೋರ್ಟ್ ನೋಡಿದರೆ ಎಲ್‌ಡಿಎಲ್ 50! ಮೊಟ್ಟೆ ತಿಂದು 4 ಇಳಿದಿದೆ. ಅಂಗಡಿಯಲ್ಲೆಲ್ಲ ಹೇಳಿಕೊಂಡು ಬಂದೆ.

ಸಂಜೆ ಮಗಳಿಗೆ ಫೋಟೋ ಕಳಿಸಿದೆ. ಅವಳು ಫೋನ್ ಮಾಡಿದ್ದು ಒಂದೇ ಪ್ರಶ್ನೆ ಕೇಳೋಕೆ. 'ಟ್ರೈಗ್ಲಿಸರೈಡ್ಸ್ ಯಾಕೆ 290 ಇದೆ ಅಪ್ಪ? ಏನು ತಿಂದೆ?'

ಆಗ ಗೊತ್ತಾಯಿತು. ನಮ್ಮ ಲ್ಯಾಬಿನಲ್ಲಿ ಎಲ್‌ಡಿಎಲ್ ಅಳೆಯುವುದಿಲ್ಲ, ಲೆಕ್ಕ ಹಾಕುತ್ತಾರೆ. ಒಟ್ಟು ಕೊಲೆಸ್ಟ್ರಾಲ್‌ನಿಂದ ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ ಕಳೆದು, ರಕ್ತದಲ್ಲಿ ಓಡಾಡುವ ಇನ್ನೊಂದು ಜಾತಿಯ ಕೊಬ್ಬಾದ ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗ ಕಳೆಯುತ್ತಾರೆ. ನನ್ನ ರಿಪೋರ್ಟಿನಲ್ಲಿ 146ರಲ್ಲಿ 38 ಹೋಯಿತು, 290ರ ಐದನೇ ಒಂದು ಭಾಗ 58 ಹೋಯಿತು, ಉಳಿದದ್ದು 50. ಮದುವೆಯ ಸಿಹಿಯಿಂದ ಟ್ರೈಗ್ಲಿಸರೈಡ್ ಉಬ್ಬಿತ್ತು. ಕಳೆಯುವ ಅಂಕಿ ದೊಡ್ಡದಾಯಿತು, ಎಲ್‌ಡಿಎಲ್ ಸಣ್ಣದಾಗಿ ಕಂಡಿತು. ಎಲ್‌ಡಿಎಲ್ ಮೊದಲೇ ಕಡಿಮೆ ಇದ್ದು ಟ್ರೈಗ್ಲಿಸರೈಡ್ ಜಾಸ್ತಿ ಇದ್ದಾಗ ಈ ಲೆಕ್ಕ ಹೀಗೆ ಮೋಸ ಮಾಡುತ್ತದಂತೆ. 400 ದಾಟಿದರೆ ಈ ಲೆಕ್ಕವನ್ನು ಹಾಕಲೇಬಾರದು.

ಹಿಡಿಯುವುದು ಹೇಗೆ ಅಂತಲೂ ಹೇಳಿಕೊಟ್ಟಳು. ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಎಚ್‌ಡಿಎಲ್ ಮಾತ್ರ ಕಳೆದು ನೋಡು, ಅದಕ್ಕೆ ನಾನ್ ಎಚ್‌ಡಿಎಲ್ ಅಂತಾರೆ. ಹಳದಿ ಶುರು ಮಾಡುವ ಮೊದಲು ನನ್ನದು 119ರಲ್ಲಿ 39 ಹೋಗಿ 80 ಇತ್ತು. ಈಗ 146ರಲ್ಲಿ 38 ಹೋಗಿ 108. ನನ್ನಂಥವರಿಗೆ ಇದು 85ಕ್ಕಿಂತ ಕೆಳಗೆ ಇರಬೇಕು. ಇಳಿದಿದೆ ಅಂತ ಕುಣಿದವನಿಗೆ ಏರಿದ್ದು ಎದುರಿಗೇ ಇತ್ತು. ಮೂವತ್ತು ವರ್ಷ ಲೆಕ್ಕ ಬರೆದವನು ಕೊನೇ ಸಾಲು ಮಾತ್ರ ಓದಿ ಮೋಸ ಹೋದೆ ಅಂತ ನಾಚಿಕೆಯಾಯಿತು.

ಮದುವೆ ಊಟದ ಗಲಾಟೆ ಇಳಿಯಲಿ ಅಂತ ಹತ್ತು ದಿನ ಬಿಟ್ಟೆ. ಹಳದಿ ಮುಂದುವರಿಸಿದೆ. ಈ ಸಲ ರಾತ್ರಿ ಏಳಕ್ಕೇ ಊಟ ಮುಗಿಸಿ ಬೆಳಿಗ್ಗೆ ರಕ್ತ ಕೊಟ್ಟೆ. ಒಟ್ಟು 123, ಎಚ್‌ಡಿಎಲ್ 39, ಟ್ರೈಗ್ಲಿಸರೈಡ್ 130. ಎಲ್‌ಡಿಎಲ್ 58. ನಾನ್ ಎಚ್‌ಡಿಎಲ್ 84.

54ರಿಂದ 58. ಮಗಳು ಹೇಳಿದ ಸರಾಸರಿಯ 4 ಇಲ್ಲೇ ಇದೆಯಲ್ಲ ಅಂತ ನಾನು ಡಾಕ್ಟರ ಮುಂದೆ ಉತ್ಸಾಹದಿಂದ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. ಅದೇ ಮನುಷ್ಯ, ಅದೇ ಊಟ, ಬೇರೆ ದಿನ ರಕ್ತ ಕೊಟ್ಟರೂ ಅಷ್ಟು ಹೆಚ್ಚು ಕಡಿಮೆ ಬರಬಹುದು. ಈ 4 ಮೊಟ್ಟೆಯದ್ದೇ ಅಂತ ಒಂದು ರಿಪೋರ್ಟ್ ಇಟ್ಟುಕೊಂಡು ಹೇಳೋಕೆ ಆಗಲ್ಲ. ಜೊತೆಗೆ ನನ್ನ ಕರುಳಿನ ಬಾಗಿಲನ್ನು ಎಝೆಟಿಮೈಬ್ ಮುಚ್ಚಿಕೊಂಡು ನಿಂತಿದೆ. ಆ ಮಾತ್ರೆ ಇಲ್ಲದವರಿಗೆ ನನ್ನ ಅಂಕಿ ಹೊಂದುವುದಿಲ್ಲ. ಹೇಳಬಹುದಾದದ್ದು ಇಷ್ಟು: ನನಗೆ ಹಳದಿಯಿಂದ ದೊಡ್ಡ ಏರಿಕೆ ಆಗಿಲ್ಲ.

'ಹಾಗಾದ್ರೆ ದಿನಾ ತಿನ್ನಲಾ?'

'58 ನನಗೆ ಬೇಡ. ವಾರಕ್ಕೆ ಮೂರು, ನಾಲ್ಕು ತಿನ್ನಿ. ಬೆಣ್ಣೆ ವಾಪಸ್ ಬಂದರೆ ಅದೂ ಇಲ್ಲ.'

ಹೊರಗಿನ ಸಲಹೆಯೂ ಹೆಚ್ಚು ಕಡಿಮೆ ಹೀಗೇ ಇದೆ. ಅಮೆರಿಕನ್ ಹಾರ್ಟ್ ಅಸೋಸಿಯೇಶನ್ 2019ರಲ್ಲಿ ಆರೋಗ್ಯವಾಗಿರುವವರು ದಿನಕ್ಕೊಂದು ಇಡೀ ಮೊಟ್ಟೆ ತಿನ್ನಬಹುದು ಅಂದಿತು. ಕೊಲೆಸ್ಟ್ರಾಲ್ ಏರುಪೇರಾಗಿರುವವರು, ಅದರಲ್ಲೂ ಶುಗರ್ ಇರುವವರು ಹುಷಾರಾಗಿರಬೇಕು ಅಂತಲೂ ಹೇಳಿತು.

ಆ ಎರಡನೇ ಮಾತಿನ ಬೆಲೆ ನನಗೆ ತಿಳಿದದ್ದು ತಂಗಿಯಿಂದ. ರಾಣೆಬೆನ್ನೂರಿನಲ್ಲಿದ್ದಾಳೆ. ಎಂಟು ವರ್ಷದಿಂದ ಶುಗರ್, ಕೊಲೆಸ್ಟ್ರಾಲ್‌ಗೆ ಸಣ್ಣ ಡೋಸಿನ ಮಾತ್ರೆ. ನನ್ನ 58ರ ಕಥೆಯನ್ನು ಫೋನಿನಲ್ಲಿ ಕೇಳಿದವಳು, 'ಅಣ್ಣನಿಗೇ ಏನೂ ಆಗ್ಲಿಲ್ಲ, ನನಗೇನು' ಅಂತ ದಿನಾ ಎರಡು ಮೊಟ್ಟೆ ಶುರು ಮಾಡಿದಳು. ಯಾರನ್ನೂ ಕೇಳಲಿಲ್ಲ. ಎರಡು ತಿಂಗಳ ಮೇಲೆ ಶುಗರ್ ಟೆಸ್ಟ್ ಜೊತೆ ಕೊಲೆಸ್ಟ್ರಾಲ್ ಕೂಡ ಮಾಡಿಸಿದಾಗ ಎಲ್‌ಡಿಎಲ್ 101ರಿಂದ 126ಕ್ಕೆ ಹೋಗಿತ್ತು. ಮದುವೆ ಮನೆ ಊಟ ಇರಲಿಲ್ಲ, ಟ್ರೈಗ್ಲಿಸರೈಡ್ ಮೊದಲಿನಷ್ಟೇ ಇತ್ತು. ಬೆಣ್ಣೆ ಅವಳು ತಿನ್ನುವುದೇ ಇಲ್ಲ. ಹಳದಿ ನಿಲ್ಲಿಸಿ ಆರು ವಾರಕ್ಕೆ ನೋಡಿದರೆ 104. ಏರಿದ್ದೂ ಇಳಿದದ್ದೂ ಹಳದಿಯ ಜೊತೆಗೇ. ಸುಮ್ನೆ ಏರಿಳಿತ ಅನ್ನಲು ಅದು ಬಹಳ ದೊಡ್ಡದು. ಅವಳ ಡಾಕ್ಟರು ಬಿಳಿ ತಿನ್ನಿ, ಹಳದಿ ವಾರಕ್ಕೊಂದು ಸಾಕು ಅಂತ ಹೇಳಿ, ಮಾತ್ರೆಯ ಡೋಸನ್ನೂ ಏರಿಸಿದರು. ಒಂದೇ ತಾಯಿಯ ಮಕ್ಕಳು ನಾವು.

ನನ್ನ ಬಾಯಿ ಚಪಲದಿಂದ ಅವಳಿಗೆ ಹೀಗಾಯಿತಲ್ಲ ಅನ್ನುವ ಕಸಿವಿಸಿ ಇನ್ನೂ ಇದೆ. ಈಗ ಯಾರಾದರೂ ಮೊಟ್ಟೆ ತಿನ್ನಬಹುದಾ ಅಂತ ಕೇಳಿದರೆ ನನ್ನ ಅಂಕಿ ಹೇಳುವುದಿಲ್ಲ. ಶುಗರ್ ಇದೆಯಾ, ಯಾವ ಮಾತ್ರೆ, ಕೊನೇ ಎಲ್‌ಡಿಎಲ್ ಎಷ್ಟು ಅಂತ ಕೇಳುತ್ತೇನೆ. ಆಮೇಲೆ ಮೊಟ್ಟೆಯನ್ನು ಯಾವುದರಲ್ಲಿ ಮಾಡುತ್ತೀರಿ ಅಂತ. ಗಾಡಿಯ ಆಮ್ಲೆಟ್ ಅಂದರೆ ಡಾಲ್ಡಾ ಎಷ್ಟು ಹಾಕ್ತಾನೆ ನೋಡಿದ್ದೀರಾ ಅಂತ. ಅಷ್ಟು ಹೊತ್ತಿಗೆ ಅವರಿಗೆ ಬೇಜಾರಾಗಿ ಎದ್ದು ಹೋಗಿರುತ್ತಾರೆ.

ನನ್ನ ಹಳದಿಯ ದಿನಗಳು ಮಂಗಳವಾರ, ಗುರುವಾರ, ಭಾನುವಾರ. ಮಂಗಳವಾರ, ಗುರುವಾರ ಬೇಯಿಸಿದ್ದು. ಭಾನುವಾರ ಮನೆಯಲ್ಲೇ ದೋಸೆ. ಕಾವಲಿಗೆ ಅರ್ಧ ಚಮಚ ಕಡಲೆಕಾಯಿ ಎಣ್ಣೆ, ಮೇಲೆ ಒಂದು ಮೊಟ್ಟೆ ಒಡೆದು ಹರಡಿ ಈರುಳ್ಳಿ, ಹಸಿಮೆಣಸಿನಕಾಯಿ. ಬೆಣ್ಣೆ ದೋಸೆಗೆ ಇದು ಸಾಟಿಯಲ್ಲ, ಅದನ್ನು ಒಪ್ಪಿಕೊಂಡೇ ತಿನ್ನುತ್ತೇನೆ. ಉಳಿದ ನಾಲ್ಕು ದಿನದ ಹಳದಿ ಇವತ್ತಿಗೂ ನಮ್ಮ ಮನೆಯವರ ಚಿತ್ರಾನ್ನಕ್ಕೆ ಹೋಗುತ್ತದೆ. ಹೋದ ತಿಂಗಳು ಅವರನ್ನೂ ಲ್ಯಾಬಿಗೆ ಕರೆದುಕೊಂಡು ಹೋದೆ. 'ನನಗ್ಯಾಕೆ ರೀ' ಅಂತ ದಾರಿಯುದ್ದಕ್ಕೂ ಗೊಣಗಿದರು. ಎಲ್‌ಡಿಎಲ್ 96, ಟ್ರೈಗ್ಲಿಸರೈಡ್ 110. ಈ ಸಲ ಎಲ್ಲಾ ಸಾಲನ್ನೂ ಓದಿದೆ.